ತಕ್ಷಣದಿಂದ ಜಾರಿಗೆ ಬರುವಂತೆ

ರಜೆಯ ಸುತ್ತೋಲೆಯನ್ನು ಯಾರೂ ಮೇಲಿನಿಂದ ಕೆಳಕ್ಕೆ ಓದುವುದಿಲ್ಲ. ಮೊದಲು ಕೆಳಗಿನ ಸಹಿ ನೋಡುತ್ತಾರೆ, ಆಮೇಲೆ ತಾರೀಖು, ಆಮೇಲೆ ಬೆರಳಿಟ್ಟುಕೊಂಡು ಅಂಕಿಗಳು. ಕೊನೆಗೆ ಪಕ್ಕದಲ್ಲಿ ನಿಂತವನನ್ನು ಕೇಳುತ್ತಾರೆ, "ನಮ್ದು ಏನಾದ್ರೂ ಹೋಯ್ತೇನಯ್ಯಾ?" ಪಕ್ಕದವನೂ ಓದಿರುವುದಿಲ್ಲ. ಆದರೂ ಗಂಭೀರವಾಗಿ ತಲೆಯಾಡಿಸಿ "ಹೋಯ್ತು" ಅನ್ನುತ್ತಾನೆ. ಅಲ್ಲಿಂದ ಮುಂದಕ್ಕೆ ಸುತ್ತೋಲೆ ಬರೆದವನ ಕೈಯಲ್ಲಿ ಏನೂ ಇರುವುದಿಲ್ಲ.

ನಾನು ಹಾಗೆ ಬರೆಯುತ್ತಿದ್ದವನು. ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಪರ್ಸನಲ್ ಡಿಪಾರ್ಟ್‌ಮೆಂಟಿನಲ್ಲಿ. ಎಚ್.ಆರ್. ಅನ್ನುವ ಹೆಸರು ಆಗಿನ್ನೂ ನಮ್ಮ ಗೇಟು ದಾಟಿ ಒಳಗೆ ಬಂದಿರಲಿಲ್ಲ. ಕುಣಿಗಲ್, ಮಾಗಡಿ, ತುಮಕೂರು, ನೆಲಮಂಗಲದ ಕಡೆಯ ಹುಡುಗರು ಐ.ಟಿ.ಐ. ಮುಗಿಸಿ ಬಂದು ಲೇತು, ಮಿಲ್ಲಿಂಗು, ಗ್ರೈಂಡಿಂಗು ಅಂತ ಹಂಚಿಹೋಗಿ, ಅಲ್ಲೇ ತಲೆ ನರೆಸಿಕೊಂಡಿದ್ದ ಕಾಲ. ಅವರ ರಜೆಯ ಲೆಕ್ಕವೆಲ್ಲ ಟೈಮ್ ಆಫೀಸಿನ ದಪ್ಪ ರಿಜಿಸ್ಟರಿನಲ್ಲಿತ್ತು. ಜೊತೆಗೆ ಒಬ್ಬೊಬ್ಬರಿಗೂ ಒಂದು ಲೀವ್ ಕಾರ್ಡು. ಆ ಕಾರ್ಡನ್ನು ಕೆಲವರು ರೇಷನ್ ಕಾರ್ಡಿನ ಜೊತೆಗೇ ಟ್ರಂಕಿನಲ್ಲಿ ಇಡುತ್ತಿದ್ದರು.

ಸಿ.ಎಲ್. ಬಗ್ಗೆ ಯಾರಿಗೂ ಅಂಥ ಮಮಕಾರ ಇರಲಿಲ್ಲ. ಅದು ಬಂದಷ್ಟೇ ಬೇಗ ಹೋಗುತ್ತಿತ್ತು. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಒಂದು, ಊರಹಬ್ಬಕ್ಕೆ ಒಂದು, ಬೀಗರೂಟಕ್ಕೆ ಇನ್ನೊಂದು. ಹೊಸತೊಡಕಿನ ದಿನ ಶಾಪ್ ಫ್ಲೋರಿಗೆ ಹೋದರೆ ಯಂತ್ರಗಳು ಮಾತ್ರ ಹಾಜರಿರುತ್ತಿದ್ದವು. ನಿಜವಾದ ಪ್ರೀತಿ ಇದ್ದದ್ದು ಇ.ಎಲ್. ಮೇಲೆ, ಅಂದರೆ ಗಳಿಕೆ ರಜೆಯ ಮೇಲೆ. 1948ರ ಕಾರ್ಖಾನೆ ಕಾಯ್ದೆಯ 79ನೆಯ ಸೆಕ್ಷನ್ನಿನ ಪ್ರಕಾರ, ವರ್ಷದಲ್ಲಿ 240 ದಿನ ಕೆಲಸ ಮಾಡಿದವನಿಗೆ ಪ್ರತಿ 20 ದಿನಕ್ಕೆ ಒಂದರಂತೆ ಮುಂದಿನ ವರ್ಷ ಸಂಬಳ ಸಹಿತ ರಜೆ. ಅರ್ಧ ದಿನ ಬಂದರೆ ಪೂರ್ತಿ ದಿನವೆಂದು ಎಣಿಸಬೇಕು, ಅರ್ಧಕ್ಕಿಂತ ಕಡಿಮೆಯಾದರೆ ಬಿಟ್ಟುಬಿಡಬೇಕು. 264 ದಿನ ದುಡಿದವನಿಗೆ 13, 270 ದಿನ ದುಡಿದವನಿಗೆ 14. ಈ ಲೆಕ್ಕ ನಮ್ಮವರಿಗೆ ಕಾನೂನು ಪುಸ್ತಕ ಬರೆದವರಿಗಿಂತ ಚೆನ್ನಾಗಿ ಗೊತ್ತಿತ್ತು. ಡಿಸೆಂಬರ್ ಕೊನೆಯ ವಾರ ಮಫ್ಲರ್ ಸುತ್ತಿಕೊಂಡು, ಕೆಮ್ಮುತ್ತಾ, ಕಣ್ಣು ಕೆಂಪಗೆ ಮಾಡಿಕೊಂಡು ಕೆಲಸಕ್ಕೆ ಬಂದವರನ್ನು ನೋಡಿದರೆ, ಅವರು 270ರ ಆಸುಪಾಸಿನಲ್ಲಿದ್ದಾರೆ ಅಂತ ಕಣ್ಣು ಮುಚ್ಚಿ ಹೇಳಬಹುದಿತ್ತು.

ಉಳಿದ ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು, ಆದರೆ 30 ದಿನ ಮೀರುವಂತಿಲ್ಲ ಎನ್ನುವುದು ಕಾಯ್ದೆಯ ಮಿತಿ. ನಮ್ಮಲ್ಲಿ ಆ ಮಿತಿ ಇರಲೇ ಇಲ್ಲ. ಕಾರ್ಖಾನೆ ಶುರು ಮಾಡಿದ ದೊಡ್ಡ ಯಜಮಾನರು ಯಾವಾಗಲೋ "ಇಟ್ಕೊಳ್ಳಲಿ ಬಿಡ್ರಿ, ಅವರದ್ದು ತಾನೇ" ಅಂದಿದ್ದರಂತೆ. ಆ ಒಂದು ಮಾತಿನ ಮೇಲೆ ಹದಿನೇಳು ವರ್ಷ ರಜೆ ಬೆಳೆಯಿತು. ಮಗಳ ಮದುವೆಗೆ ಒಬ್ಬ ಕೂಡಿಟ್ಟ, ಊರಲ್ಲಿ ಮನೆ ಕಟ್ಟಿಸಲು ಇನ್ನೊಬ್ಬ. ಬಹಳ ಜನ ಯಾವುದಕ್ಕೂ ಅಲ್ಲ, ಸುಮ್ಮನೆ ಇರಲಿ ಅಂತ ಇಟ್ಟುಕೊಂಡಿದ್ದರು. ಹೆಂಡತಿಯ ಕೊರಳಲ್ಲಿರುವ ಎರಡೆಳೆ ಸರದ ಹಾಗೆ; ತೆಗೆಯುವುದಿಲ್ಲ, ಮಾರುವುದಿಲ್ಲ, ಇದೆ ಅನ್ನುವುದೇ ಧೈರ್ಯ.

ಇದನ್ನು ಕೆಡಿಸಿದ್ದು ಆಡಿಟರು. ದೊಡ್ಡ ಯಜಮಾನರ ಮಗ ಕುರ್ಚಿಗೆ ಬಂದ ಹೊಸದರಲ್ಲಿ ಅವರು ಒಂದು ಮಧ್ಯಾಹ್ನ ಕನ್ನಡಕ ಹಣೆಗೇರಿಸಿ, "ಇದು ರಜೆಯಲ್ಲ ಸ್ವಾಮಿ, ಸಾಲ" ಅಂದರು. ಅವರ ಮಾತಿನಲ್ಲಿ ಹುರುಳಿತ್ತು. ಇಪ್ಪತ್ತು ರೂಪಾಯಿ ದಿನಗೂಲಿ ಇದ್ದಾಗ ಗಳಿಸಿದ ಒಂದು ದಿನದ ರಜೆಯನ್ನು, ಸಂಬಳ ಇನ್ನೂರಕ್ಕೆ ಏರಿದ ಮೇಲೆ ತೆಗೆದುಕೊಂಡರೆ ಕಂಪನಿ ಇನ್ನೂರೇ ಕೊಡಬೇಕು. ಪ್ರತಿ ವೇತನ ಒಪ್ಪಂದಕ್ಕೂ ಹಳೆಯ ರಜೆಯ ಬೆಲೆ ತಾನಾಗಿ ಮೇಲಕ್ಕೆ ಹೋಗುತ್ತದೆ. ರಿಜಿಸ್ಟರಿನಲ್ಲಿ ಮಲಗಿದ್ದ ಆ ದಿನಗಳನ್ನೆಲ್ಲ ಕೂಡಿ, ಅಂದಿನ ಸಂಬಳದಿಂದ ಗುಣಿಸಿ ಆಡಿಟರು ಒಂದು ಮೊತ್ತ ತೋರಿಸಿದರು. ಚಿಕ್ಕ ಯಜಮಾನರು ಅದನ್ನು ನೋಡಿ ನೀರು ಕುಡಿದರು. ಆಮೇಲೆ ನನ್ನನ್ನು ಕರೆಸಿದರು. "45 ದಿನಕ್ಕೆ ನಿಲ್ಲಿಸಿ. ತಕ್ಷಣದಿಂದ ಜಾರಿಗೆ ಬರುವಂತೆ ಒಂದು ಸರ್ಕ್ಯುಲರ್ ಹಾಕಿ."

ಈ 'ತಕ್ಷಣದಿಂದ' ಅನ್ನುವುದು ಯಜಮಾನರುಗಳಿಗೆ ಬಹಳ ಪ್ರಿಯವಾದದ್ದು. ರಜೆಯ ವಿಷಯದಲ್ಲಿ ಅದು ನಡೆಯುವುದಿಲ್ಲ. ಕಾಯ್ದೆ ಕೊಟ್ಟದ್ದಕ್ಕಿಂತ ಹೆಚ್ಚು ಕೊಡುತ್ತಾ ಬಂದಿದ್ದರೆ, ಕಾಯ್ದೆಯ ಮಟ್ಟಕ್ಕೆ ಇಳಿಸುತ್ತೇನೆ ಅಂತ ಒಂದು ಬೆಳಗ್ಗೆ ಎದ್ದು ಹೇಳುವ ಹಾಗಿಲ್ಲ. ಸಂಬಳ ಸಹಿತ ರಜೆ ಕೈಗಾರಿಕಾ ವಿವಾದ ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿದ್ದ ವಿಷಯ. ಅದನ್ನು ಕಾರ್ಮಿಕರಿಗೆ ನಷ್ಟವಾಗುವಂತೆ ಬದಲಿಸಬೇಕಾದರೆ 9ಎ ಸೆಕ್ಷನ್ನಿನ ಪ್ರಕಾರ ನೋಟಿಸು ಕೊಟ್ಟು 21 ದಿನ ಕಾಯಬೇಕಿತ್ತು. ಯೂನಿಯನ್ ಜೊತೆ ಕೂತು ಒಪ್ಪಂದವಾದರೆ ಆ ಮಾತು ಬೇರೆ. ನಾನು ಇದನ್ನು ಹೇಳಿದಾಗ ಚಿಕ್ಕ ಯಜಮಾನರು "21 ದಿನದಲ್ಲಿ ಅವರು ಏನು ಮಾಡ್ತಾರೆ?" ಅಂತ ಕೇಳಿದರು. "ಓದ್ತಾರೆ ಸಾರ್" ಅಂದೆ. ಅವರಿಗೆ ಅದು ಅಷ್ಟು ಇಷ್ಟವಾಗಲಿಲ್ಲ.

ನಿಜ ಹೇಳಬೇಕೆಂದರೆ ಜಾರಿಯ ತಾರೀಖನ್ನು ಆರಿಸುವುದಕ್ಕೆ ಕಾನೂನಿಗಿಂತ ದೊಡ್ಡ ಕಾರಣ ರಿಜಿಸ್ಟರು. ರಜೆಯ ವರ್ಷ ಜನವರಿಯಿಂದ ಡಿಸೆಂಬರಿಗೆ. ನಡುವೆ ಆಗಸ್ಟಿನಲ್ಲೋ ಅಕ್ಟೋಬರಿನಲ್ಲೋ ನಿಯಮ ಬದಲಾದರೆ ಒಂದೇ ವರ್ಷಕ್ಕೆ ಎರಡು ಲೆಕ್ಕ ಬರೆಯಬೇಕು. ಟೈಮ್ ಆಫೀಸಿನ ಗುಮಾಸ್ತರು ಒಂದೇ ಲೆಕ್ಕವನ್ನು ಎರಡು ಥರ ಬರೆಯುವುದರಲ್ಲಿ ಮೊದಲೇ ನಿಸ್ಸೀಮರು, ಅವರಿಗೆ ಇನ್ನೊಂದು ಅವಕಾಶ ಯಾಕೆ? ಜನವರಿ 1 ಅಂತ ಗೊತ್ತಾಯಿತು. ನೋಟಿಸು ನವೆಂಬರ್ ಕೊನೆಗೆ.

ಕರಡನ್ನು ಯೂನಿಯನ್ ಕಾರ್ಯದರ್ಶಿಗೆ ತೋರಿಸಿದೆ. ಆತ ಗ್ರೈಂಡಿಂಗ್ ಸೆಕ್ಷನ್ನಿನವರು, ಕಡಿಮೆ ಮಾತು, ಎಲೆಯಡಿಕೆ ಜಾಸ್ತಿ. ನಾನು ಒಳ್ಳೆಯ ಸುದ್ದಿಯನ್ನು ಮೊದಲು ಹಾಕಿದ್ದೆ. ನಮ್ಮಲ್ಲಿ ಅಲ್ಲಿಯತನಕ ಗುರುವಾರದಿಂದ ಮುಂದಿನ ಮಂಗಳವಾರದವರೆಗೆ ಇ.ಎಲ್. ಹಾಕಿದರೆ ನಡುವಿನ ಭಾನುವಾರವನ್ನೂ ಸೇರಿಸಿ ಆರು ದಿನ ಕಳೆಯುತ್ತಿದ್ದರು. ಕಾಯ್ದೆಯ ಪ್ರಕಾರ ಅದು ತಪ್ಪು. ನಡುವೆ ಬಂದ ರಜಾದಿನವನ್ನಾಗಲಿ ಹಿಂದುಮುಂದಿನದನ್ನಾಗಲಿ ಗಳಿಕೆ ರಜೆಯಲ್ಲಿ ಎಣಿಸುವಂತಿಲ್ಲ. ಇನ್ನು ಮುಂದೆ ಐದೇ ದಿನ ಕಳೆಯುತ್ತೇವೆ ಅಂತ ಬರೆದಿದ್ದೆ. ಕಾರ್ಯದರ್ಶಿ ಅದನ್ನು ಓದಿ, ಎದ್ದು ಹೋಗಿ ಕಿಟಕಿಯಾಚೆ ಉಗಿದು ಬಂದು ಹೇಳಿದರು: "ಸಾರ್, ಇದನ್ನ ಕೊನೇಲಿ ಹಾಕಿ. ಮೊದ್ಲೇ ಸಿಹಿ ಕೊಟ್ರೆ ನಮ್ ಜನ ಮುಂದಕ್ಕೆ ಓದಲ್ಲ. ಏನೋ ದೊಡ್ಡದೇ ಕಿತ್ಕೊಳ್ತಾವ್ರೆ ಅಂತ ಗೇಟ್ ಹತ್ರ ಕೂತ್ಕೋತಾರೆ."

ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ನಾನು ಆಮೇಲೆ ಬಹಳ ಕೇಳಿದ್ದೇನೆ. ಇಷ್ಟು ಉಪಯೋಗಕ್ಕೆ ಬಂದ ಮಾತು ಇನ್ನೊಂದು ಕೇಳಿಲ್ಲ.

ಹೀಗಾಗಿ ಸುತ್ತೋಲೆ ಕಹಿಯಿಂದಲೇ ಶುರುವಾಯಿತು. ಜನವರಿ 1ರಂದು ಯಾರ ಖಾತೆಯಲ್ಲಿ 45ಕ್ಕಿಂತ ಹೆಚ್ಚು ಇ.ಎಲ್. ಇದೆಯೋ ಅವರಿಗೆ ಮಾತ್ರ ಈ ಬದಲಾವಣೆ. ಹೆಚ್ಚಿನ ದಿನಗಳು ಮಾಯವಾಗುವುದಿಲ್ಲ. ಮುಂದಿನ ಡಿಸೆಂಬರಿನೊಳಗೆ ರಜೆಯಾಗಿ ತೆಗೆದುಕೊಳ್ಳಬಹುದು, ಇಲ್ಲವೇ ಈಗಿನ ಸಂಬಳದ ಲೆಕ್ಕದಲ್ಲಿ ಹಣ ಪಡೆಯಬಹುದು. 45 ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ ಏನೂ ಬದಲಾಗುವುದಿಲ್ಲ. ಸಿ.ಎಲ್. ಮತ್ತು ಹಬ್ಬದ ರಜೆಗಳು ಇದ್ದ ಹಾಗೇ ಇರುತ್ತವೆ. ಈ ಕೊನೆಯ ವಾಕ್ಯ ನನಗೆ ಅನಾವಶ್ಯಕ ಅನ್ನಿಸಿತ್ತು. ಬದಲಾಗದ್ದನ್ನು ಯಾಕೆ ಹೇಳಬೇಕು? ಕಾರ್ಯದರ್ಶಿಯೇ ಹಟ ಹಿಡಿದು ಸೇರಿಸಿಸಿದರು. ರಜೆ ಅಂತ ಮೇಲೆ ಬರೆದಿದ್ದರೆ ಸಾಕು, ಹೋಗದೇ ಇದ್ದದ್ದೂ ಹೋಯಿತೆಂದೇ ಲೆಕ್ಕ ಅನ್ನುವುದು ಅವರ ಅನುಭವ.

ಗೇಟಿನ ಹತ್ತಿರದ ಗಾಜಿನ ಬೋರ್ಡಿನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಂಟಿಸಿದೆವು. ಬೆಳಗಿನ ಪಾಳಿಯ ಟೀ ಹೊತ್ತಿಗೆ ಕ್ಯಾಂಟೀನಿನಲ್ಲಿ ಸಿ.ಎಲ್. ರದ್ದಾಗಿತ್ತು. ಚಿತ್ರಾನ್ನ ಮುಗಿಯುವಷ್ಟರಲ್ಲಿ ಗೌರಿಹಬ್ಬದ ರಜೆಯೂ ಹೋಗಿತ್ತು. ಎರಡನೆಯ ಪಾಳಿಯವರು ಬರುವ ಹೊತ್ತಿಗೆ ಮದುವೆಗೆ ಬೇಕಾದರೆ ಲಗ್ನಪತ್ರಿಕೆಗೆ ಗೆಜೆಟೆಡ್ ಆಫೀಸರ್ ಸಹಿ ಹಾಕಿಸಬೇಕಂತೆ ಅಂತ ಯಾರೋ ನನ್ನನ್ನೇ ಬಂದು ಕೇಳಿದರು. ವಿಚಿತ್ರವೆಂದರೆ ಹೆಚ್ಚು ಕೂಗಾಡಿದ್ದು ಹೊಸ ಹುಡುಗರು. ಅವರ ಖಾತೆಯಲ್ಲಿ ನಾಲ್ಕೈದು ದಿನಕ್ಕಿಂತ ಹೆಚ್ಚಿರಲಿಲ್ಲ. ಸುತ್ತೋಲೆ ಅವರ ಕೂದಲನ್ನೂ ಮುಟ್ಟುವಂಥದ್ದಲ್ಲ. ನಿಜವಾಗಿ ಪೆಟ್ಟು ಬೀಳುವ ಹಿರಿಯರು ಮಾತ್ರ ಬೋರ್ಡಿನ ಮುಂದೆ ಬಂದು, ಓದಿ, ಏನೂ ಹೇಳದೆ ಹೋದರು.

ಅವರಿಗೆ ಉತ್ತರ ಬೋರ್ಡಿನಲ್ಲಿ ಸಿಗುವುದಿಲ್ಲ ಅಂತ ನಮಗೂ ಗೊತ್ತಿತ್ತು. ಅದಕ್ಕೇ ಆ ತಿಂಗಳ ಸಂಬಳದ ಕವರಿನಲ್ಲಿ ಒಬ್ಬೊಬ್ಬರಿಗೂ ಒಂದು ಚೀಟಿ ಹಾಕಿದ್ದೆವು: ನಿಮ್ಮ ಖಾತೆಯಲ್ಲಿ ಇಷ್ಟು ದಿನ, ಮಿತಿ ಮೀರಿದ್ದು ಇಷ್ಟು, ತಪ್ಪಿದ್ದರೆ ಡಿಸೆಂಬರ್ 15ರೊಳಗೆ ತಿಳಿಸಿ, ರಜೆಯೋ ಹಣವೋ ಇಲ್ಲಿ ಗುರುತು ಹಾಕಿ. ನೋಟಿಸು ಹಾಕಿದ ದಿನ ಊರಿಗೆ ಹೋದವನಿಗೂ ಚೀಟಿ ತಪ್ಪುವುದಿಲ್ಲ, ಕವರು ತೆಗೆದುಕೊಳ್ಳಲು ಬಂದೇ ಬರುತ್ತಾನೆ. ಸುತ್ತೋಲೆ ಎಲ್ಲರಿಗೂ ಸೇರಿ ಬರೆದದ್ದು, ಹಾಗಾಗಿ ಯಾರದ್ದೂ ಅಲ್ಲ. ಚೀಟಿಯಲ್ಲಿ ಹೆಸರಿರುತ್ತದೆ.

ಚೀಟಿ ಹಿಡಿದುಕೊಂಡು ಮೊದಲು ಬಂದವರು ಟೂಲ್ ರೂಮಿನ ಹಿರಿಯ ಫಿಟ್ಟರು. ಖಾತೆಯಲ್ಲಿ 71 ದಿನ. ಮಿತಿ ಮೀರಿದ್ದು 26. ಲೆಕ್ಕ ಸರಿಯಾಗಿದೆ ಅಂತ ಒಪ್ಪಿಕೊಂಡರು. ಆಮೇಲೆ ಷರ್ಟಿನ ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿನಿಂದ ಮಡಿಸಿದ ಎರಡು ರಜೆ ಅರ್ಜಿಗಳನ್ನು ತೆಗೆದು, ಮೇಜಿನ ಮೇಲೆ ಅಂಗೈಯಿಂದ ಸವರಿ ಸಮ ಮಾಡಿ ಇಟ್ಟರು. ಒಂದು ಸಿದ್ಧಗಂಗೆ ಜಾತ್ರೆಗೆ ಕೇಳಿದ್ದು, ನಾಲ್ಕು ದಿನ. ಇನ್ನೊಂದು ತಂಗಿಯ ಮಗಳ ಮದುವೆಗೆ, ಐದು ದಿನ. ಎರಡರ ಮೇಲೂ ಹಸಿರು ಇಂಕಿನಲ್ಲಿ ಸೂಪರ್‌ವೈಸರ್ ಬರೆದಿದ್ದರು: 'ಕೆಲಸ ಜಾಸ್ತಿ ಇದೆ. ಮುಂದೆ ನೋಡೋಣ.' ಕೆಳಗೆ ಸಹಿ, ತಾರೀಖು.

"ನಾನು ಕೂಡಿಟ್ಟದ್ದು ಬೇರೆ, ನೀವು ಕೊಡದೇ ಇದ್ದದ್ದು ಬೇರೆ, ಅಲ್ವಾ ಸಾರ್?"

ಕಾಯ್ದೆಯೂ ಅದನ್ನೇ ಹೇಳುತ್ತಿತ್ತು. 79ನೆಯ ಸೆಕ್ಷನ್ನಿನಲ್ಲಿ ಒಂದು ಪುಟ್ಟ ಪರಂತುಕವಿತ್ತು, ಅಂದರೆ 'ಆದರೆ' ಅಂತ ಶುರುವಾಗುವ ಸಾಲು. ನಿಯಮದ ಪ್ರಕಾರ ಅರ್ಜಿ ಹಾಕಿದ್ದೂ ರಜೆ ಕೊಡದೇ ಇದ್ದರೆ, ಹಾಗೆ ನಿರಾಕರಿಸಿದ ರಜೆಯನ್ನು ಯಾವ ಮಿತಿಯೂ ಇಲ್ಲದೆ ಮುಂದಕ್ಕೆ ಒಯ್ಯಬಹುದಿತ್ತು. ಅವನೇ ಬಿಟ್ಟುಕೊಟ್ಟ ರಜೆಗೆ ಮಿತಿ ಹಾಕಬಹುದು, ಕಾರ್ಖಾನೆ ತಡೆದ ರಜೆಗೆ ಹಾಕುವಂತಿಲ್ಲ. ಫಿಟ್ಟರ ಲೆಕ್ಕವನ್ನು ಮತ್ತೆ ಬರೆದೆವು. 71ರಲ್ಲಿ ನಿರಾಕರಿಸಿದ 9 ಪಕ್ಕಕ್ಕೆ. ಉಳಿದ 62ರಲ್ಲಿ 45 ಖಾತೆಗೆ, 17 ಹೆಚ್ಚುವರಿ. ಆ 9 ಮತ್ತೆ ಖಾತೆಗೆ ಬಂದು ಒಟ್ಟು 54 ದಿನ ಅವರ ಹೆಸರಿನಲ್ಲಿ ಉಳಿಯಿತು. ಅವರು ಕಾಗದಗಳನ್ನು ಮತ್ತೆ ಮಡಿಸಿ ಪ್ಲಾಸ್ಟಿಕ್ ಕವರಿಗೆ ಸೇರಿಸಿ, ನನ್ನ ಕೈಗೆ ಜೆರಾಕ್ಸ್ ಮಾತ್ರ ಕೊಟ್ಟರು.

ಸುದ್ದಿ ಈ ಸಲ ಕ್ಯಾಂಟೀನಿಗಿಂತ ವೇಗವಾಗಿ ಹೋಯಿತು. ಒಂದು ವಾರ ನನ್ನ ಮೇಜಿನ ಮೇಲೆ ಹಳೆಯ ಅರ್ಜಿಗಳದ್ದೇ ಜಾತ್ರೆ. ಎಣ್ಣೆ ಹತ್ತಿದ್ದು, ಜಿರಲೆ ತಿಂದದ್ದು, ಹಿಂದುಗಡೆ ಚೀಟಿ ದುಡ್ಡಿನ ಲೆಕ್ಕ ಬರೆದದ್ದು. ಓದುತ್ತಾ ಕೂತರೆ ಕೆಲಸವೇ ಸಾಗುತ್ತಿರಲಿಲ್ಲ. ತಂದೆಯ ವರ್ಷಾಬ್ದಿಕ, ರಾಗಿ ಕೊಯ್ಲು, ಮಗುವಿನ ನಾಮಕರಣ, ಬಾವಿ ತೋಡಿಸುವುದು, ಇನ್ನೊಂದರಲ್ಲಿ ಬರೀ 'ಸ್ವಂತ ಕೆಲಸ'. ಇಷ್ಟೆಲ್ಲ ನಡೆಯುವಾಗ ಇವರು ನಮ್ಮ ಯಂತ್ರಗಳ ಮುಂದೆ ನಿಂತಿದ್ದರು. ಆಡಿಟರ ಮೊತ್ತದಲ್ಲಿ ಇದು ಯಾವುದೂ ಕಾಣುತ್ತಿರಲಿಲ್ಲ.

ತೊಡಕು ಬಂದದ್ದು ಕಾಗದ ಇಲ್ಲದವರದ್ದು. ನಮ್ಮ ಬಹುಪಾಲು ಸೂಪರ್‌ವೈಸರುಗಳು ಹಸಿರು ಇಂಕು ಖರ್ಚು ಮಾಡುವವರಲ್ಲ. ಅರ್ಜಿ ತೆಗೆದುಕೊಂಡು ಹೋದರೆ ನೋಡದೆಯೇ "ಈಗ ಆಗಲ್ಲ ಹೋಗಯ್ಯ" ಅಂದು ಹಿಂದಿರುಗಿಸುತ್ತಿದ್ದರು. ಇನ್ನು ಕೆಲವರು ಅರ್ಜಿ ಬರೆಯುವುದಕ್ಕೇ ಬಿಡುತ್ತಿರಲಿಲ್ಲ. ಕಾಯ್ದೆ ಕೇಳುತ್ತಿದ್ದದ್ದು 15 ದಿನ ಮುಂಚೆ ಕೊಟ್ಟ ಲಿಖಿತ ಅರ್ಜಿ. ಬಾಯಿಮಾತಿನಲ್ಲಿ ಕೇಳಿ, ಬಾಯಿಮಾತಿನಲ್ಲಿ ಇಲ್ಲ ಅನ್ನಿಸಿಕೊಂಡದ್ದು ಯಾವ ರಿಜಿಸ್ಟರಿಗೂ ಏರುವುದಿಲ್ಲ. ಮಿಲ್ಲಿಂಗ್ ಸೆಕ್ಷನ್ನಿನ ಒಬ್ಬ, ತನ್ನ ಸ್ವಂತ ತಂಗಿಯ ಮದುವೆಗೆ ಮುಹೂರ್ತದ ದಿನ ಬಿಟ್ಟರೆ ಹೋಗಲು ಬಿಟ್ಟಿರಲಿಲ್ಲ ಅಂತ ಹೇಳಿದ. ಕೇಳಿದ್ದು ಆರು ದಿನ, ಸಿಕ್ಕಿದ್ದು ಒಂದು. ಕಾಗದ ಇರಲಿಲ್ಲ.

ಯೂನಿಯನ್ ಕಾರ್ಯದರ್ಶಿ, ನಾನು, ಟೈಮ್ ಆಫೀಸಿನ ಗುಮಾಸ್ತರು ಕೂತು ಆ ಸೂಪರ್‌ವೈಸರರನ್ನು ಕರೆಸಿದೆವು. ನಿವೃತ್ತಿಗೆ ಹತ್ತಿರವಾಗಿದ್ದವರು, ಗಡಸು ಮನುಷ್ಯ. ಅವರು 'ಜ್ಞಾಪಕವಿಲ್ಲ' ಅಂದಿದ್ದರೆ ಫೈಲು ಮುಚ್ಚುತ್ತಿತ್ತು. ಅವರು ಒಂದು ನಿಮಿಷ ಸುಮ್ಮನಿದ್ದು, "ಹೌದು, ಕೇಳಿದ್ದ. ಎಕ್ಸ್‌ಪೋರ್ಟ್ ಆರ್ಡರ್ ಇತ್ತು. ನಾನೇ ಬಿಡ್ಲಿಲ್ಲ" ಅಂದು, ನಾವು ಕೇಳುವ ಮೊದಲೇ ಪೆನ್ನಿಗೆ ಕೈ ಚಾಚಿ ಬರೆದುಕೊಟ್ಟರು. ಐದು ದಿನ ಮಿತಿಯಿಂದ ಹೊರಗೆ ಬಂತು. ಎಲ್ಲ ಸೂಪರ್‌ವೈಸರುಗಳಿಗೂ ಹೀಗೆ ಜ್ಞಾಪಕ ಬರಲಿಲ್ಲ ಅನ್ನುವುದನ್ನೂ ಹೇಳಬೇಕು.

ಜನವರಿ ಬಂತು. ಹಣಕ್ಕಿಂತ ರಜೆಗೇ ಹೆಚ್ಚು ಜನ ಗುರುತು ಹಾಕಿದ್ದರು. ಪ್ರೊಡಕ್ಷನ್ ಮ್ಯಾನೇಜರು ತಲೆ ಮೇಲೆ ಕೈ ಹೊತ್ತರು. ಸೋಮವಾರಕ್ಕೊಂದರಂತೆ ಹದಿನೇಳು ವಾರ ಬಿಡಿ ಅಂತ ಕೆಲವರು ಬಂದರು. ಗಳಿಕೆ ರಜೆಯನ್ನು ವರ್ಷದಲ್ಲಿ ಮೂರು ಸಲಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ ಅಂತ ಕಾಯ್ದೆಯಲ್ಲೇ ಇದ್ದದ್ದರಿಂದ ನಾವು ಬಚಾವಾದೆವು. ನಮ್ಮ ಫಿಟ್ಟರು ಹದಿನೇಳೂ ದಿನವನ್ನು ಒಟ್ಟಿಗೇ ಬರೆದರು. ಹದಿನೇಳು ವರ್ಷದಲ್ಲಿ ಅವರ ಮೊದಲ ಉದ್ದ ರಜೆ ಅದು. ಮೂರನೆಯ ದಿನ ಬೆಳಗ್ಗೆ ಗೇಟಿನೆದುರಿನ ಟೀ ಅಂಗಡಿಯಲ್ಲಿ ಬೆಂಚಿನ ಮೇಲೆ ಕೂತಿದ್ದರು, ಇಸ್ತ್ರಿ ಮಾಡಿದ ಪಂಚೆ, ಕೈಯಲ್ಲಿ ಲೋಟ. "ಏನ್ ಸಾರ್, ಊರಿಗೆ ಹೋಗ್ಲಿಲ್ವಾ?" ಅಂದೆ. "ಹೋಗಿದ್ದೆ. ಜಾತ್ರೆ ಇಲ್ದಾಗ ಹೋದ್ರೆ ಅಲ್ಲೇನೈತೆ?" ಅಂದು, ಸೈರನ್ ಆಗುವತನಕ ಕೂತಿದ್ದು ಎದ್ದು ಹೋದರು. ಮದುವೆಯಾದ ತಂಗಿಯ ಮಗಳಿಗೆ ಆಗಲೇ ಎರಡು ಮಕ್ಕಳಾಗಿದ್ದವು.

ನಿರಾಕರಿಸಿದ ರಜೆಯನ್ನು ದಿನಗಳಾಗಿ ಹಿಂದಿರುಗಿಸಬಹುದು. ಆ ದಿನವನ್ನೇ ಹಿಂದಿರುಗಿಸುವ ಸೆಕ್ಷನ್ನು ಯಾವ ಕಾಯ್ದೆಯಲ್ಲೂ ನಾನು ನೋಡಿಲ್ಲ.

ಈಗ ನನ್ನ ತಮ್ಮನ ಮಗಳು ವೈಟ್‌ಫೀಲ್ಡಿನ ಕಂಪನಿಯಲ್ಲಿದ್ದಾಳೆ. ಹೋದ ಸಲ ಬಂದಾಗ ಪರಿಷ್ಕೃತ ರಜೆ ನೀತಿ ಅಂತ ಬಂದಿದ್ದ ಮೇಲ್ ತೋರಿಸಿದಳು. ಪುಟಗಟ್ಟಲೆ ಇತ್ತು, ಬಣ್ಣ ಬಣ್ಣದ ಚಿತ್ರಗಳಿದ್ದವು, ಮೇಲಿನ ಸಾಲಿನಲ್ಲೇ ನಗುಮುಖವೂ ಇತ್ತು. "ದೊಡ್ಡಪ್ಪಾ, ಇದರಲ್ಲಿ ನಂದು ಎಷ್ಟು ಹೋಯ್ತು ನೋಡಿ ಹೇಳಿ" ಅಂದಳು. ಸಿಹಿಯನ್ನು ಮೊದಲೇ ಹಾಕಿದ್ದರಿಂದ ನನಗೆ ಅನುಮಾನ ಬಂದು ಕೆಳಗಿನಿಂದ ಓದಿಕೊಂಡು ಹೋದೆ. ಹೋದದ್ದು ಎಂಟನೆಯ ಪುಟದಲ್ಲಿ ಸಿಕ್ಕಿತು.

ನಾನು ಬಾಯಿಪಾಠ ಮಾಡಿಕೊಂಡಿದ್ದ ಕಾಯ್ದೆಗಳೂ ಈಗ ಹಳೆಯವಾದವು. 2025ರ ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳು ಬಂದಿವೆ. ಕಾರ್ಖಾನೆಯವರಿಗೆ 240 ದಿನ ಇದ್ದದ್ದು 180ಕ್ಕೆ ಇಳಿದಿದೆ, 20ಕ್ಕೆ ಒಂದು ಅನ್ನುವುದು ಹಾಗೇ ಇದೆ, ಮುಂದಕ್ಕೆ ಒಯ್ಯುವ ಮಿತಿ 30ರಲ್ಲೇ ನಿಂತಿದೆ. ನಿರಾಕರಿಸಿದ ರಜೆಗೆ ಮಿತಿಯಿಲ್ಲ ಅನ್ನುವ ಆ ಪುಟ್ಟ ಪರಂತುಕವೂ ಸದ್ಯ ಉಳಿದುಕೊಂಡಿದೆ. ಆದ್ದರಿಂದ ಕಾರ್ಖಾನೆಯಲ್ಲಿ ದುಡಿಯುವವರು ಇದನ್ನು ಓದುತ್ತಿದ್ದರೆ ಒಂದೇ ಮಾತು: ರಜೆ ಕೇಳುವುದನ್ನು ಬರೆದು ಕೇಳಿ, ಸಾಕಷ್ಟು ಮುಂಚೆ ಕೇಳಿ. ಕೊಡುವುದಿಲ್ಲ ಅಂದರೆ ಜಗಳ ಬೇಡ, ಅದನ್ನು ಅರ್ಜಿಯ ಮೇಲೇ ಬರೆದು ತಾರೀಖು ಹಾಕಿ ಕೊಡಿ ಅನ್ನಿ. ಇಂಕು ಯಾವ ಬಣ್ಣದ್ದಾದರೂ ಆದೀತು.